ಕಡಲೆ ಕಟ್ಟು ನೊರೆಗೆ, ಅಗಸೆ ಅಂಟಿಗೆ

ಮೈಸೂರಿನಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ನವರಾತ್ರಿಯ ಒಂದು ಸಂಜೆಯಾದರೂ ಕಾಬೂಲಿ ಕಡಲೆಯ ಉಸ್ಲಿ ಆಗಿಯೇ ಆಗುತ್ತದೆ. ಕಾಳು ಬೇಯಿಸಿ ಬಸಿದ ನೀರನ್ನು ಚೆಲ್ಲುವ ಅಭ್ಯಾಸ ಈ ಸೀಮೆಯಲ್ಲಿ ಇಲ್ಲ. ಬಸ್ಸಾರಿಗೂ ಒಬ್ಬಟ್ಟಿನ ಸಾರಿಗೂ ರುಚಿ ಬರುವುದೇ ಆ ಕಟ್ಟಿನಿಂದ. ಕಾಬೂಲಿ ಕಡಲೆಯ ಕಟ್ಟನ್ನು ಸ್ವಲ್ಪ ಬತ್ತಿಸಿ, ತಣ್ಣಗಾದ ಮೇಲೆ ಬೀಟರ್ ಹಿಡಿದರೆ ಮೊಟ್ಟೆಯ ಬಿಳಿಯಂತೆಯೇ ಅದು ನೊರೆಯಾಗಿ ಉಬ್ಬಿ ನಿಲ್ಲುತ್ತದೆ. ಇದು ಜಗತ್ತಿಗೆ ಗೊತ್ತಾಗಿ ಹೆಚ್ಚು ಕಾಲವಾಗಿಲ್ಲ. 2014ರ ಕೊನೆಯಲ್ಲಿ ಫ್ರಾನ್ಸಿನ ಗಾಯಕ ಜೋಯೆಲ್ ರೊಸೆಲ್ ಡಬ್ಬಿಯ ಕಾಳಿನ ನೀರು ನೊರೆ ಕಟ್ಟುವುದನ್ನು ತೋರಿಸಿದರು. 2015ರಲ್ಲಿ ಅಮೆರಿಕದ ಸಾಫ್ಟ್‌ವೇರ್ ಎಂಜಿನಿಯರ್ ಗೂಸ್ ವೋಲ್ಟ್ ಬರೀ ಕಡಲೆ ನೀರು ಮತ್ತು ಸಕ್ಕರೆಯಿಂದ ಗರಿಗರಿ ಮೆರಾಂಗ್ ಮಾಡಿ, ಆ ನೀರಿಗೆ ಅಕ್ವಾಫಾಬಾ ಎಂದು ಹೆಸರಿಟ್ಟರು. ಈ ಲೇಖನದಲ್ಲಿ ಅದನ್ನು ಕಡಲೆ ಕಟ್ಟು ಎಂದೇ ಕರೆಯುತ್ತೇನೆ.

ಮೊಟ್ಟೆಯ ಜಾಗಕ್ಕೆ ಬರುವ ಇನ್ನೊಂದು ಪದಾರ್ಥ ಅಗಸೆ. ಉತ್ತರ ಕರ್ನಾಟಕದ ಊಟದಲ್ಲಿ ರೊಟ್ಟಿಯ ಪಕ್ಕಕ್ಕೆ ಚಟ್ನಿಪುಡಿಯಾಗಿ ಬರುವ ಅದೇ ಬೀಜ. ಮೈಸೂರಿನ ದಿನಸಿ ಅಂಗಡಿಗಳಲ್ಲಿ ಈಗ ಎರಡೂ ಸುಲಭವಾಗಿ ಸಿಗುತ್ತವೆ. ಅಡಚಣೆ ಇರುವುದು ಬಳಕೆಯಲ್ಲಿ. ಒಂದು ಮೊಟ್ಟೆಗೆ ಮೂರು ಚಮಚ ಕಡಲೆ ಕಟ್ಟು, ಇಲ್ಲವೇ ಒಂದು ಚಮಚ ಅಗಸೆ ಪುಡಿಗೆ ಮೂರು ಚಮಚ ನೀರು ಎಂಬ ಲೆಕ್ಕವನ್ನಷ್ಟೇ ನಂಬಿ, ಒಂದರ ಬದಲು ಇನ್ನೊಂದು ನಡೆದೀತು ಎಂದುಕೊಂಡು ಕೇಕಿಗೆ ಕೈಹಾಕುವವರು ಬಹಳ. ನಾಲ್ಕು ಮೊಟ್ಟೆಯ ಸ್ಪಾಂಜಿಗೆ ಅಗಸೆ ಹಾಕಿದರೆ ಕಂದು ಇಟ್ಟಿಗೆ ಏಳುತ್ತದೆ. ರಾಗಿ ಬಿಸ್ಕತ್ತಿಗೆ ಕಡಲೆ ಕಟ್ಟು ಹಾಕಿದರೆ ಕೈಯಲ್ಲಿ ಹಿಡಿಯುವಷ್ಟರಲ್ಲಿ ಪುಡಿಯಾಗುತ್ತದೆ. ಇವೆರಡರ ಕೆಲಸ ಒಂದೇ ಅಲ್ಲ.

ಮೊಟ್ಟೆ ಕೇಕಿನೊಳಗೆ ಏನು ಮಾಡುತ್ತದೆ ಎಂಬಲ್ಲಿಂದ ಹೊರಟರೆ ಇದು ಸ್ಪಷ್ಟವಾಗುತ್ತದೆ. ಕಡೆದಾಗ ಅದು ಗಾಳಿಯನ್ನು ಹಿಡಿದು ನೊರೆಯಾಗುತ್ತದೆ. ಹಿಟ್ಟು, ಸಕ್ಕರೆ, ಬೆಣ್ಣೆಯನ್ನು ಒಂದಕ್ಕೊಂದು ಅಂಟಿಸುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡ ಕೆಲಸ: ಕಾವಿಗೆ ಅದು ಗಟ್ಟಿಯಾಗುತ್ತದೆ. ಬಿಳಿಯ ಪ್ರೋಟೀನುಗಳು 60 ಡಿಗ್ರಿ ದಾಟುತ್ತಿದ್ದಂತೆ ಒಂದೊಂದಾಗಿ ಹೆಪ್ಪಾಗತೊಡಗಿ, 80ರ ಆಸುಪಾಸಿಗೆ ಪೂರ್ತಿ ಗಟ್ಟಿಯಾಗುತ್ತವೆ. ಮತ್ತೆ ಎಷ್ಟು ತಣ್ಣಗಾದರೂ ಅವು ಮೊದಲಿನಂತೆ ನೀರಾಗುವುದಿಲ್ಲ. ಮನೆಗೆ ಮೋಲ್ಡ್ ಹಾಕುವಾಗ ಸೆಂಟ್ರಿಂಗ್ ನಿಲ್ಲಿಸಿ ಮೇಲೆ ಕಾಂಕ್ರೀಟ್ ಸುರಿಯುತ್ತಾರಲ್ಲ, ಸ್ಪಾಂಜ್ ಕೇಕಿನಲ್ಲಿ ನೊರೆ ಸೆಂಟ್ರಿಂಗು, ಹೆಪ್ಪಾದ ಮೊಟ್ಟೆ ಕಾಂಕ್ರೀಟು.

ಕಡಲೆ ಕಟ್ಟಿನಲ್ಲಿ ಸೆಂಟ್ರಿಂಗ್ ಮಾತ್ರ ಇದೆ. ಕಡಲೆ ಕುಕ್ಕರಿನಲ್ಲಿ ಬೇಯುವಾಗ ಕಾಳಿನಿಂದ ಸ್ವಲ್ಪ ಪ್ರೋಟೀನು, ಸ್ವಲ್ಪ ಪಿಷ್ಟ, ಸಕ್ಕರೆಯ ಜಾತಿಯ ಕೆಲವು ಪದಾರ್ಥಗಳು, ಜೊತೆಗೆ ಸ್ಯಾಪೊನಿನ್ ಎಂಬ ನೊರೆಯ ಅಂಶ ನೀರಿಗೆ ಇಳಿಯುತ್ತವೆ. ಕುಕ್ಕರಿನ ಸೀಟಿಯಿಂದ ಚಿಮ್ಮಿ ಒಲೆಯನ್ನೆಲ್ಲ ಗಲೀಜು ಮಾಡುವ ಬಿಳಿ ನೊರೆ ಇವುಗಳದೇ ಕೆಲಸ. ಅಷ್ಟು ಕಾವಿನಲ್ಲಿ ಬೆಂದೂ ನೀರಿನಲ್ಲಿ ಕರಗಿಯೇ ಉಳಿದ ಪ್ರೋಟೀನು ಅದು. ಆಗ ಹೆಪ್ಪಾಗದೆ ಉಳಿದದ್ದು ಓವನ್ನಿನಲ್ಲಿ ಹೊಸದಾಗಿ ಹೆಪ್ಪಾಗುವುದಿಲ್ಲ. ಹಾಗಾಗಿ ಕಡಲೆ ಕಟ್ಟಿನ ನೊರೆಯನ್ನು ನಿಲ್ಲಿಸಲು ಎರಡೇ ದಾರಿ. ಒಂದೋ ಸಕ್ಕರೆ ಹಾಕಿ ನಿಧಾನವಾಗಿ ಒಣಗಿಸಬೇಕು, ಇಲ್ಲವೇ ಗೋಡೆಯ ಕೆಲಸವನ್ನು ಮೈದಾ ಮಾಡಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಕಾರಣದಿಂದ ಹುಟ್ಟುವ ಮಾತೇ.

ಅಗಸೆಯ ಗುಣ ಬೇರೆ. ಬೀಜದ ಹೊರಸಿಪ್ಪೆಯಲ್ಲಿ ನೀರು ಕುಡಿದು ಲೋಳೆಯಾಗುವ ಪದಾರ್ಥವಿದೆ. ಆ ಲೋಳೆ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಹಿಟ್ಟಿನ ಕಣಗಳನ್ನು ಅಂಟಿಸುತ್ತದೆ, ಬೆಂದ ತಿನಿಸು ಬೇಗ ಒಣಗದಂತೆ ನೋಡಿಕೊಳ್ಳುತ್ತದೆ. ಪುಡಿಯಲ್ಲಿ ಎಣ್ಣೆ ತುಂಬಿರುವುದರಿಂದ ಎಷ್ಟು ಕಡೆದರೂ ಅದು ಉಬ್ಬುವುದಿಲ್ಲ. ಕಾವಿಗೆ ಗಟ್ಟಿಯಾಗುವ ಗುಣವೂ ಅದಕ್ಕಿಲ್ಲ.

ಮೊದಲು ಕಟ್ಟು ತೆಗೆಯುವ ಬಗೆ. ಡಬ್ಬಿಯ ಕಡಲೆ ನಮ್ಮಲ್ಲಿ ದುಬಾರಿ, ಅದರಲ್ಲಿ ಉಪ್ಪೂ ಇರುತ್ತದೆ. ಮನೆಯಲ್ಲಿ ಬೇಯಿಸಿದ ಕಡಲೆಯ ನೀರೇ ಸಾಕು, ಆದರೆ ಅದನ್ನು ಹದಕ್ಕೆ ತರಬೇಕು. 200 ಗ್ರಾಂ ಕಾಬೂಲಿ ಕಡಲೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೆನೆದ ನೀರನ್ನು ಚೆಲ್ಲಿ ಕಾಳು ತೊಳೆಯಿರಿ. ಹೊಸದಾಗಿ ಮೂರು ಲೋಟದಷ್ಟು, ಅಂದರೆ 600 ಮಿಲಿಲೀಟರ್ ನೀರು ಹಾಕಿ ಕುಕ್ಕರಿನಲ್ಲಿಡಿ. ಒಂದು ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ ಅರ್ಧ ಗಂಟೆ ಬೇಯಲಿ. ಉಪ್ಪು, ಅರಿಸಿನ, ಎಣ್ಣೆ, ಸೋಡಾ ಯಾವುದೂ ಬೇಡ. ಎಣ್ಣೆಯ ಒಂದು ಹನಿ ಇದ್ದರೂ ನೊರೆ ನಿಲ್ಲುವುದಿಲ್ಲ. ಸೋಡಾ ಹಾಕಿದರೆ ಕಾಳು ಕರಗಿ ಕಟ್ಟು ಮಡ್ಡಿಯಾಗುತ್ತದೆ, ಸಾಬೂನಿನ ವಾಸನೆಯೂ ಬರುತ್ತದೆ. ಒಬ್ಬಟ್ಟಿಗೆ ಬೇಳೆ ಬೇಯಿಸಿದ ಕಟ್ಟು ಈ ಕೆಲಸಕ್ಕೆ ಆಗದಿರುವುದೂ ಇದೇ ಕಾರಣಕ್ಕೆ. ಅದರಲ್ಲಿ ಅರಿಸಿನ, ಎಣ್ಣೆ ಎರಡೂ ಇರುತ್ತವೆ, ಒಡೆದ ಬೇಳೆಯಿಂದ ಇಳಿದ ಪಿಷ್ಟವೂ ಜಾಸ್ತಿ.

ಬೆಂದ ತಕ್ಷಣ ಬಸಿಯಬಾರದು. ಕಾಳು ಅದೇ ನೀರಿನಲ್ಲಿ ಪೂರ್ತಿ ತಣ್ಣಗಾಗಲಿ, ಒಂದು ರಾತ್ರಿ ಫ್ರಿಜ್ಜಿನಲ್ಲಿದ್ದರೆ ಇನ್ನೂ ಒಳ್ಳೆಯದು. ಬೇಕಾದ ಅಂಶಗಳು ಆ ಹೊತ್ತಿನಲ್ಲಿ ಇನ್ನಷ್ಟು ನೀರಿಗಿಳಿಯುತ್ತವೆ. ಆಮೇಲೆ ಬಸಿದು, ಕಾಳನ್ನು ಉಸ್ಲಿಗೋ ಪಲ್ಯಕ್ಕೋ ತೆಗೆದಿಟ್ಟು, ಕಟ್ಟನ್ನು ತೆರೆದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬತ್ತಿಸಬೇಕು. 200 ಗ್ರಾಂ ಕಾಳಿನಿಂದ ಸುಮಾರು ಒಂದು ಲೋಟ ಗಟ್ಟಿ ಕಟ್ಟು ಉಳಿದರೆ ಅದೇ ಹದ. ಬೆರಳುಗಳ ನಡುವೆ ಸ್ವಲ್ಪ ಅಂಟಬೇಕು, ಫ್ರಿಜ್ಜಿನಲ್ಲಿ ಕೆಲವು ಗಂಟೆ ಇಟ್ಟರೆ ಲೋಟ ಅಲ್ಲಾಡಿಸಿದಾಗ ತೆಳು ಜೆಲ್ಲಿಯಂತೆ ತೊನೆಯಬೇಕು. ನೀರಿನಂತೆಯೇ ಇದ್ದರೆ ಮತ್ತೆ ಒಲೆಗಿಡಿ. ತೀರಾ ಗಟ್ಟಿಯಾದರೆ ಒಂದು ಚಮಚ ನೀರು ಸಾಕು. ಮನೆಯಲ್ಲಿ ಮಾಡಿದವರು ಸೋಲುವುದು ಬಹುಪಾಲು ಈ ಹಂತದಲ್ಲಿ. ಡಬ್ಬಿಯ ನೀರು ಆಗಲೇ ಗಟ್ಟಿಯಾಗಿರುತ್ತದೆ, ಮನೆಯ ಕಟ್ಟು ತೆಳ್ಳಗಿರುತ್ತದೆ. ಹೊರದೇಶದ ಪಾಕವಿಧಾನಗಳು ಡಬ್ಬಿಯನ್ನು ಲೆಕ್ಕಕ್ಕೆ ಹಿಡಿದು ಬರೆದಂಥವು. ಫ್ರಿಜ್ಜಿನಲ್ಲಿ ಇದು ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಹೆಚ್ಚಿದ್ದರೆ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಇಟ್ಟುಕೊಳ್ಳಬಹುದು, ಕರಗಿದ ಮೇಲೂ ನೊರೆ ಬರುತ್ತದೆ. ಕರಿ ಕಡಲೆಯ ಕಟ್ಟೂ ನೊರೆಯಾಗುತ್ತದೆ, ಬಣ್ಣ ಮಾತ್ರ ಕಂದು.

ಕಡಲೆ ಕಟ್ಟು ಪೂರಾ ಗೆಲ್ಲುವ ಜಾಗ ಮೆರಾಂಗ್. ಅರ್ಧ ಲೋಟಕ್ಕಿಂತ ತುಸು ಹೆಚ್ಚು, ಸುಮಾರು 120 ಮಿಲಿಲೀಟರ್ ತಣ್ಣನೆಯ ಗಟ್ಟಿ ಕಟ್ಟಿಗೆ ಅರ್ಧ ಟೀ ಚಮಚ ನಿಂಬೆರಸ ಹಾಕಿ, ಜಿಡ್ಡಿಲ್ಲದ ಸ್ಟೀಲ್ ಪಾತ್ರೆಯಲ್ಲಿ ಎಲೆಕ್ಟ್ರಿಕ್ ಬೀಟರಿನಿಂದ ಕಡೆಯಿರಿ. ಮಜ್ಜಿಗೆ ಕಡೆಯುವ ಕಡೆಗೋಲಿನಿಂದ ಇದು ಆಗುವುದಿಲ್ಲ, ತೋಳು ಸೋಲುತ್ತದೆಯೇ ಹೊರತು ನೊರೆ ಸಣ್ಣದಾಗುವುದಿಲ್ಲ. ಮೊದಲು ದೊಡ್ಡ ಗುಳ್ಳೆಗಳು, ಆಮೇಲೆ ಸಣ್ಣವು, ಆರೇಳು ನಿಮಿಷಕ್ಕೆ ಬೀಟರಿನ ಗೆರೆ ನಿಲ್ಲುವಷ್ಟು ನೊರೆ. ಆಗ 120 ಗ್ರಾಂ ನುಣ್ಣನೆಯ ಸಕ್ಕರೆಪುಡಿಯನ್ನು ಒಂದೊಂದೇ ಚಮಚ ಉದುರಿಸುತ್ತ ಕಡೆಯುತ್ತ ಹೋಗಬೇಕು. ಒಟ್ಟು ಹದಿನೈದು ನಿಮಿಷದ ಹೊತ್ತಿಗೆ ನೊರೆ ಹೊಳೆಯುತ್ತದೆ, ಪಾತ್ರೆ ಬೋರಲು ಹಾಕಿದರೂ ಬೀಳುವುದಿಲ್ಲ, ಬೆರಳ ನಡುವೆ ಉಜ್ಜಿದರೆ ಸಕ್ಕರೆಯ ಹರಳು ತಾಗುವುದಿಲ್ಲ. ಚಿಟಿಕೆ ಏಲಕ್ಕಿ ಅಥವಾ ವೆನಿಲಾ ಬೆರೆಸಿ, ಚಮಚದಿಂದ ಸಣ್ಣ ಗುಡ್ಡೆಗಳಾಗಿ ಟ್ರೇಗೆ ಇಳಿಸಿ, 100 ಡಿಗ್ರಿಯಲ್ಲಿ ಒಂದೂವರೆಯಿಂದ ಎರಡು ಗಂಟೆ ಒಣಗಿಸಬೇಕು. ಆಮೇಲೆ ಓವನ್ ಆರಿಸಿ, ಬಾಗಿಲು ತೆರೆಯದೆ ಒಳಗೇ ತಣ್ಣಗಾಗಲು ಬಿಡಿ. ಹಸಿ ನೊರೆಯಲ್ಲಿ ಕಾಣುವ ಕಡಲೆಯ ವಾಸನೆ ಒಣಗಿದ ಮೇಲೆ ಗೊತ್ತೇ ಆಗುವುದಿಲ್ಲ.

ಕಾವು ಏಕೆ ಇಷ್ಟು ಕಡಿಮೆ ಎಂಬುದನ್ನು ನೆನಪಿಡಬೇಕು. ಮೊಟ್ಟೆಯ ಮೆರಾಂಗಿಗೆ 130, 140 ಡಿಗ್ರಿ ತಗುಲಿದರೆ ಬಣ್ಣ ಬರಬಹುದು, ಆಕಾರ ಹೋಗುವುದಿಲ್ಲ, ಏಕೆಂದರೆ ಅದರ ಪ್ರೋಟೀನು ಹೆಪ್ಪಾಗಿರುತ್ತದೆ. ಕಡಲೆ ಕಟ್ಟಿನ ಮೆರಾಂಗ್ ಒಣಗುವ ಮೊದಲೇ ಅಷ್ಟು ಕಾವು ಕಂಡರೆ ಕರಗಿ ಸಕ್ಕರೆ ಪಾಕದ ಚಪ್ಪಟೆ ಬಿಲ್ಲೆಯಾಗಿ ಟ್ರೇಗೆ ಅಂಟಿಕೊಳ್ಳುತ್ತದೆ. ಮನೆಯ ಸಣ್ಣ ಓಟಿಜಿಗಳ ಗುಂಡಿ 100 ಎಂದು ತೋರಿಸಿದರೂ ಒಳಗಿನ ಕಾವು ಹೆಚ್ಚಿರುವುದು ಮಾಮೂಲು. ಓವನ್ನಿನೊಳಗೆ ಇಡುವ ಒಂದು ಥರ್ಮಾಮೀಟರ್ ಕೊಳ್ಳುವುದು ಈ ಒಂದು ತಿನಿಸಿಗಾದರೂ ಸಾರ್ಥಕ. ಮಳೆಗಾಲದ ಮಾತು ಬೇರೆ. ಜೂನಿನಿಂದ ಅಕ್ಟೋಬರ್‌ವರೆಗೆ ಮೈಸೂರಿನ ಗಾಳಿಯಲ್ಲಿ ತೇವ ಹೆಚ್ಚು. ಬೆಳಿಗ್ಗೆ ಗರಿಗರಿಯಾಗಿದ್ದ ಮೆರಾಂಗ್ ತೆರೆದಿಟ್ಟರೆ ಸಂಜೆಗೆ ಅಂಟಂಟಾಗುತ್ತದೆ. ತಣ್ಣಗಾದ ಕೂಡಲೇ ಗಾಳಿಯಾಡದ ಡಬ್ಬಿಗೆ ಹಾಕಬೇಕು. ಅಂಟಿದ್ದನ್ನು ಮತ್ತೆ ಅರ್ಧ ಗಂಟೆ 100 ಡಿಗ್ರಿಯಲ್ಲಿಟ್ಟರೆ ಗರಿ ಮರಳುತ್ತದೆ.

ಕೇಕಿನಲ್ಲಿ ಕಡಲೆ ಕಟ್ಟಿನ ಶಕ್ತಿ ಬೇಗ ಮುಗಿಯುತ್ತದೆ. ಒಂದು ಅಥವಾ ಎರಡು ಮೊಟ್ಟೆ ಕೇಳುವ ಬೆಣ್ಣೆ ಕೇಕಿಗೆ, ಕಪ್‌ಕೇಕಿಗೆ ಅದು ಚೆನ್ನಾಗಿ ಒದಗುತ್ತದೆ. ಒಂದು ಮೊಟ್ಟೆಗೆ ಮೂರು ದೊಡ್ಡ ಚಮಚ ಕಟ್ಟನ್ನು ನೊರೆ ಬರುವಷ್ಟು ಕಡೆದು ಕೊನೆಯಲ್ಲಿ ನಿಧಾನವಾಗಿ ಬೆರೆಸಿದರೆ ಕೇಕು ಹಗುರವಾಗಿ, ಬಿಳಿಯಾಗಿ ಬರುತ್ತದೆ. ಗೋಡೆ ನಿಲ್ಲಿಸುವ ಕೆಲಸ ಮೈದಾದ್ದು, ಉಬ್ಬಿಸುವ ಕೆಲಸದಲ್ಲಿ ಬೇಕಿಂಗ್ ಪೌಡರ್ ಕೈಜೋಡಿಸುತ್ತದೆ. ಮೂರು ಮೊಟ್ಟೆಗೆ ಹೋದರೆ ಲಕ್ಷಣ ಬೇರೆಯಾಗುತ್ತದೆ. ಓವನ್ನಿನಲ್ಲಿ ಚೆಂದವಾಗಿ ಉಬ್ಬಿದ ಕೇಕು, ಚುಚ್ಚಿದ ಕಡ್ಡಿ ಒಣಗಿ ಬಂದ ಮೇಲೂ, ಹೊರತೆಗೆದು ತಣ್ಣಗಾಗುವಾಗ ನಡುವೆ ಕುಸಿಯುತ್ತದೆ. ಕತ್ತರಿಸಿದರೆ ತಳದಲ್ಲಿ ಬೇಯದ ಹಿಟ್ಟಿನಂಥ ಅಂಟು ಪಟ್ಟಿ ಕಾಣುತ್ತದೆ. ಬೇಯಿಸಿದ್ದು ಸಾಲದು ಎಂದು ಮತ್ತೆ ಓವನ್ನಿಗೆ ಹಾಕಿದರೆ ಸರಿಯಾಗುವುದಿಲ್ಲ, ಅಲ್ಲಿ ಗಟ್ಟಿಯಾಗಬೇಕಾದ ಮೊಟ್ಟೆಯೇ ಇಲ್ಲ. ಪಾಕವಿಧಾನದ ಹಾಲು ಕಡಿಮೆ ಮಾಡಿ ಒಂದು ಚಮಚ ಕಾರ್ನ್‌ಫ್ಲೋರ್ ಸೇರಿಸಿದರೆ ಸ್ವಲ್ಪ ಸುಧಾರಿಸುತ್ತದೆ. ಮೊಟ್ಟೆಯ ನೊರೆಯ ಮೇಲೆಯೇ ನಿಲ್ಲುವ ಸ್ಪಾಂಜ್, ಸ್ವಿಸ್ ರೋಲ್, ಏಂಜಲ್ ಕೇಕ್ ಇವುಗಳಿಗೆ ಮಾತ್ರ ಕಡಲೆ ಕಟ್ಟು ಬೇಡವೇ ಬೇಡ.

ಈಗ ಅಗಸೆ. ಇದರ ತಯಾರಿ ಚಿಕ್ಕದು, ಆದರೆ ಪುಡಿಯ ಗುಣದ ಮೇಲೆ ಎಲ್ಲವೂ ನಿಂತಿದೆ. ಇಡೀ ಬೀಜದಿಂದ ಕೆಲಸವಾಗದು, ತರಿತರಿಯೂ ಸಾಲದು. ಮಿಕ್ಸಿಯ ಚಿಕ್ಕ ಜಾರಿನಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ ನುಣ್ಣಗೆ ಪುಡಿ ಮಾಡಬೇಕು. ಒಂದೇ ಸಮನೆ ತಿರುಗಿಸಿದರೆ ಕಾವಿಗೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಂದು ಮೊಟ್ಟೆಗೆ ಒಂದು ದೊಡ್ಡ ಚಮಚ, ಸುಮಾರು 7 ಗ್ರಾಂ ಪುಡಿಯನ್ನು ಮೂರು ಚಮಚ ಉಗುರುಬೆಚ್ಚಗಿನ ನೀರಿಗೆ ಕಲಸಿ ಹತ್ತು ಹದಿನೈದು ನಿಮಿಷ ಬಿಡಿ. ಚಮಚ ಎತ್ತಿದರೆ ಎಳೆಎಳೆಯಾಗಿ ಇಳಿಯುವ ಲೋಳೆಯಾಗಿದ್ದರೆ ಸಿದ್ಧ. ನೀರು ಮೇಲೆ, ಪುಡಿ ಕೆಳಗೆ ನಿಂತಿದ್ದರೆ ಪುಡಿ ದಪ್ಪವಾಯಿತು ಎಂದರ್ಥ. ಬೀಜದಲ್ಲಿ ಎಣ್ಣೆಯ ಪಾಲು ತೂಕದ ಸುಮಾರು ಐದನೇ ಎರಡರಷ್ಟು, ಅದೂ ಗಾಳಿ ತಗುಲಿದರೆ ಬೇಗ ಕೆಡುವ ಜಾತಿಯದು. ಬಣ್ಣ ಬಳಿಯುವವರು ಬಳಸುವ ಅಗಸೆ ಎಣ್ಣೆ ಇದೇ ಬೀಜದ್ದು. ಹಳೆಯ ಪುಡಿಯನ್ನು ಮೂಸಿದಾಗ ಹೊಸದಾಗಿ ಪೇಂಟ್ ಬಳಿದ ಕೋಣೆಯ ವಾಸನೆ ಬಂದರೆ ಅದನ್ನು ಎಸೆದುಬಿಡಿ, ಬೇಯಿಸಿದ ಮೇಲೆ ಅದು ಇನ್ನಷ್ಟು ಕಹಿಯಾಗುತ್ತದೆ. ಬೀಜವನ್ನು ಹಾಗೆಯೇ ಇಟ್ಟುಕೊಂಡು ಬೇಕಾದಾಗ ಪುಡಿ ಮಾಡುವುದೇ ಸರಿ.

ಅಗಸೆ ನಿಜವಾಗಿ ಬೆಲೆ ಬಾಳುವುದು ರಾಗಿಯ ಜೊತೆಗೆ. ಮೈದಾಕ್ಕೆ ತನ್ನದೇ ಅಂಟು ಇದೆ, ರಾಗಿಗೆ ಇಲ್ಲ. ಹಾಗಾಗಿ ಮೊಟ್ಟೆ ಹಾಕದ ರಾಗಿ ಬಿಸ್ಕತ್ತು ಬೆಂದ ಮೇಲೆ ಮುಟ್ಟಿದರೆ ಮರಳಾಗುತ್ತದೆ. ಒಂದು ಉದಾಹರಣೆ ನೋಡಿ. 150 ಗ್ರಾಂ ರಾಗಿ ಹಿಟ್ಟನ್ನು ಘಮ ಬರುವಷ್ಟು ಹುರಿದು ತಣ್ಣಗೆ ಮಾಡಿ, 50 ಗ್ರಾಂ ಗೋಧಿ ಹಿಟ್ಟು, 100 ಗ್ರಾಂ ಬೆಣ್ಣೆ, 90 ಗ್ರಾಂ ಬೆಲ್ಲದ ಪುಡಿ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್ ತೆಗೆದುಕೊಂಡರೆ, ಒಂದು ಮೊಟ್ಟೆಯ ಜಾಗಕ್ಕೆ ಮೇಲೆ ಹೇಳಿದ ಒಂದು ಅಳತೆ ಅಗಸೆ ಲೋಳೆ ಸಾಕು. ಕಲಸಿದ ಹಿಟ್ಟನ್ನು ಅರ್ಧ ಗಂಟೆ ಮುಚ್ಚಿಡಬೇಕು, ರಾಗಿಗೂ ಅಗಸೆಗೂ ನೀರು ಕುಡಿಯಲು ಹೊತ್ತು ಬೇಕು. ಆಮೇಲೆ ತಟ್ಟಿ 170 ಡಿಗ್ರಿಯಲ್ಲಿ ಹದಿನೈದರಿಂದ ಹದಿನೆಂಟು ನಿಮಿಷ. ಹೊರಬಂದಾಗ ಮೆತ್ತಗಿರುತ್ತದೆ, ಟ್ರೇಯಲ್ಲೇ ತಣ್ಣಗಾದ ಮೇಲೆ ಎತ್ತಿದರೆ ಒಡೆಯುವುದಿಲ್ಲ. ರಾಗಿಯ ಬಣ್ಣದಲ್ಲಿ ಅಗಸೆಯ ಕಂದು ಚುಕ್ಕೆ ಕಾಣುವುದೂ ಇಲ್ಲ. ಬಾಳೆಹಣ್ಣಿನ ಬ್ರೆಡ್ಡು, ಕ್ಯಾರೆಟ್ ಕೇಕು, ಮಫಿನ್, ಪ್ಯಾನ್‌ಕೇಕ್ ಇವೂ ಅಗಸೆಯ ಕ್ಷೇತ್ರವೇ. ತುಂಬ ಹಣ್ಣಾಗಿ ಸಿಪ್ಪೆ ಕಪ್ಪಾದ ಪಚ್ಚಬಾಳೆ ಈ ಬ್ರೆಡ್ಡಿಗೆ ತಕ್ಕದ್ದು. ನಂಜನಗೂಡಿನ ರಸಬಾಳೆ ಸಿಕ್ಕಿದರೆ ದಯವಿಟ್ಟು ಹಾಗೆಯೇ ತಿನ್ನಿ.

ಎಷ್ಟು ಅಗಸೆ ಹಾಕಬಹುದು ಎಂಬುದಕ್ಕೆ ನಮ್ಮೂರಿನಲ್ಲೇ ಒಂದು ಅಳತೆಗೋಲಿದೆ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ ಸಂಸ್ಥೆಯ ಹಿಟ್ಟು ಮತ್ತು ಬೇಕರಿ ವಿಭಾಗದ ವಿಜ್ಞಾನಿಗಳು ಬಿಸ್ಕತ್ತಿನ ಗೋಧಿ ಹಿಟ್ಟಿನಲ್ಲಿ 5ರಿಂದ 20 ಪ್ರತಿಶತದವರೆಗೆ ಹುರಿದ ಅಗಸೆ ಪುಡಿ ಸೇರಿಸಿ ನೋಡಿದ್ದು 2012ರಲ್ಲಿ ಪ್ರಕಟವಾಯಿತು. 15 ಪ್ರತಿಶತ ದಾಟಿದ ಮೇಲೆ ಬಿಸ್ಕತ್ತಿನ ರುಚಿಯೂ ಹದವೂ ಕೆಟ್ಟವು. 15ರೊಳಗಿನ ಬಿಸ್ಕತ್ತು ಒಳ್ಳೆಯ ಪೊಟ್ಟಣದಲ್ಲಿ 90 ದಿನವಾದರೂ ಎಣ್ಣೆ ಕೆಟ್ಟ ಲಕ್ಷಣ ತೋರಲಿಲ್ಲ. ಅಲ್ಲಿ ಅಗಸೆ ಹಾಕಿದ್ದು ಹಿಟ್ಟಿನ ಬದಲಿಗೆ, ಮೊಟ್ಟೆಯ ಬದಲಿಗಲ್ಲ. ಆದರೂ ರುಚಿಯ ಗಡಿ ಎಲ್ಲಿದೆ ಎಂಬುದು ನಮಗೂ ಉಪಯೋಗದ ಮಾತು. 200 ಗ್ರಾಂ ಹಿಟ್ಟಿಗೆ ಎರಡು ಮೊಟ್ಟೆಯ ಬದಲು 14 ಗ್ರಾಂ ಅಗಸೆ ಹಾಕಿದರೆ ಅದು 7 ಪ್ರತಿಶತ, ತೊಂದರೆಯಿಲ್ಲ. ನಾಲ್ಕು ಮೊಟ್ಟೆಯ ಬದಲು ಹಾಕಿದರೆ 14 ಪ್ರತಿಶತ, ಗಡಿಯ ಹತ್ತಿರ. ಅದಕ್ಕೂ ಮೊದಲೇ ಲೋಳೆಯ ನೀರು ಹೆಚ್ಚಾಗಿ ಕೇಕು ಒಳಗೆ ಹಸಿಹಸಿಯಾಗಿ ಉಳಿಯುತ್ತದೆ. ಎರಡು ಮೊಟ್ಟೆಗೆ ನಿಲ್ಲಿಸಿ ಎಂಬುದು ನನ್ನ ಸಲಹೆ.

ಇದೇ ಸಂಸ್ಥೆಯವರು 2009ರಲ್ಲಿ ಮೊಟ್ಟೆಯಿಲ್ಲದ ಕೇಕಿನ ಮೇಲೆ ಪ್ರಕಟಿಸಿದ ಇನ್ನೊಂದು ಅಧ್ಯಯನವೂ ಇಲ್ಲಿ ಹೇಳತಕ್ಕದ್ದು. ಅವರು ಪರೀಕ್ಷಿಸಿದ್ದು ಗೌರ್, ಕ್ಸಾಂಥನ್‌ನಂಥ ಅಂಟುಗಳನ್ನೂ ಕೊಬ್ಬು ನೀರನ್ನು ಬೆರೆಸಿ ಹಿಡಿಯುವ ಎಮಲ್ಸಿಫೈಯರುಗಳನ್ನೂ ಜೋಡಿ ಮಾಡಿ. ಒಂದೇ ಪದಾರ್ಥ ಮೊಟ್ಟೆಯ ಎಲ್ಲ ಕೆಲಸ ಮಾಡೀತು ಎಂದು ಹೊರಡದೆ, ಕೆಲಸಗಳನ್ನು ಹಂಚಿಕೊಡುವ ದಾರಿ ಅದು. ಮನೆಯಲ್ಲೂ ಇದನ್ನು ಅನುಸರಿಸಬಹುದು. ಎರಡು ಮೊಟ್ಟೆಯ ಚಾಕೊಲೇಟ್ ಕೇಕಿಗೆ ಒಂದು ಪಾಲು ಅಗಸೆ ಲೋಳೆ, ಒಂದು ಪಾಲು ಕಡೆದ ಕಡಲೆ ಕಟ್ಟು ಹಾಕಿದರೆ, ಯಾವುದೋ ಒಂದನ್ನೇ ಎರಡು ಪಾಲು ಹಾಕಿದ್ದಕ್ಕಿಂತ ಚೆನ್ನಾಗಿ ಬರುತ್ತದೆ. ಕೋಕೋ ಬಣ್ಣ ಅಗಸೆಯನ್ನು ಮುಚ್ಚುತ್ತದೆ.

ಇನ್ನು ಬೇಕರಿಯ ಮಾತು. ಹಾಸನದ ಕಡೆಯ ಅಯ್ಯಂಗಾರ್ ಕುಟುಂಬಗಳು ಬೆಳೆಸಿದ ಬೇಕರಿ ಪರಂಪರೆ ಮೈಸೂರಿನ ಬಡಾವಣೆ ಬಡಾವಣೆಯಲ್ಲೂ ಇದೆ, ಅಲ್ಲಿ ಮೊಟ್ಟೆಯಿಲ್ಲದ ತಿನಿಸು ಹೊಸದೇನಲ್ಲ. ಖಾರ ಬನ್ನು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್ ಯಾವುದಕ್ಕೂ ಮೊಟ್ಟೆ ಬೇಕಿಲ್ಲ. ಕೇಕಿಗೂ ಮೊಸರಿನ ಹುಳಿ ಮತ್ತು ಸೋಡಾ ಸೇರಿ ಹುಟ್ಟುವ ಗಾಳಿ ಸಾಕು. ಹಾಲು ಮೊಸರು ಬಳಸುವವರು ಮಾಮೂಲಿ ವೆನಿಲಾ ಕೇಕಿಗೆ ಕಡಲೆ ಕಟ್ಟಿನ ಹಿಂದೆ ಹೋಗಬೇಕಾದ್ದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಆ ಹಳೆಯ ವಿಧಾನ ಹೆಚ್ಚು ನಂಬಿಕೆಯದು. ಕಡಲೆ ಕಟ್ಟು ಬೇಕಾಗುವುದು ಮೊಸರು ಮಾಡಲಾಗದ ಕೆಲಸಕ್ಕೆ, ಅಂದರೆ ಮೆರಾಂಗಿಗೆ, ಮ್ಯಾಕರೂನಿಗೆ. ಹಾಲನ್ನೂ ಬಿಟ್ಟವರಿಗೆ ಎರಡೂ ಬೇಕು. ಬನ್ನಿನ ಮೇಲೆ ಹೊಳಪಿಗೆ ಬಳಿಯಲು ಸಕ್ಕರೆ ಬೆರೆಸಿದ ಕಡಲೆ ಕಟ್ಟು ನಡೆಯುತ್ತದೆ, ಹಾಲಿದ್ದರೆ ಹಾಲೇ ಸುಲಭ.

ಎರಡರಿಂದಲೂ ಆಗದ ಕೆಲಸ ಕಸ್ಟರ್ಡ್, ಕ್ಯಾರಮೆಲ್ ಪುಡ್ಡಿಂಗ್, ಎಕ್ಲೇರಿನ ಒಳಟೊಳ್ಳು ಹಿಟ್ಟು. ಅಲ್ಲಿ ಮೊಟ್ಟೆ ಕಾವಿಗೆ ಗಟ್ಟಿಯಾಗುವುದೇ ತಿನಿಸು. ಪುಡ್ಡಿಂಗಿಗೆ ಕಾರ್ನ್‌ಫ್ಲೋರೋ ಕಡಲ ಪಾಚಿಯ ಅಗರ್ ಅಗರ್ ಪುಡಿಯೋ ಬೇಕು, ಎಕ್ಲೇರಿನ ಆಸೆ ಬಿಡಬೇಕು. ಪೋಷಣೆಯ ಲೆಕ್ಕದಲ್ಲೂ ಇವು ಮೊಟ್ಟೆಗೆ ಸಮವಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇರುತ್ತದೆ, ಒಂದು ಚಮಚ ಅಗಸೆಯಲ್ಲಿ ಒಂದು ಗ್ರಾಂ ಚಿಲ್ಲರೆ, ಮೂರು ಚಮಚ ಕಡಲೆ ಕಟ್ಟಿನಲ್ಲಿ ಅಷ್ಟೂ ಇಲ್ಲ.

ನಮ್ಮ ದೇಶದ ನಿಯಮದ ಪ್ರಕಾರ ಮೊಟ್ಟೆ ಬಿದ್ದ ಪೊಟ್ಟಣದ ತಿನಿಸು ಕಂದು ಗುರುತು ಹೊರಬೇಕು. ಕಡಲೆ ಕಟ್ಟಿನ ಮೆರಾಂಗಿಗೂ ಅಗಸೆಯ ಬಿಸ್ಕತ್ತಿಗೂ ಹಸಿರು ಗುರುತು ಸಲ್ಲುತ್ತದೆ, ಮನೆಯಿಂದಲೇ ಕೇಕು ಮಾರುವ ಅನೇಕರು ಇವುಗಳತ್ತ ತಿರುಗಲು ಅದೂ ಒಂದು ಕಾರಣ. ಅವರಲ್ಲಿ ಒಂದು ಕೋರಿಕೆ. ಡಬ್ಬದ ಮೇಲೆ ಮೊಟ್ಟೆ ಇಲ್ಲ ಎಂದಷ್ಟೇ ಬರೆದು ಬಿಡಬೇಡಿ, ಕಡಲೆ ಅಥವಾ ಅಗಸೆ ಹಾಕಿದ್ದರೆ ಅದನ್ನೂ ಬರೆಯಿರಿ. ಕಡಲೆ ಮೈಗೆ ಒಗ್ಗದವರು ಇದ್ದಾರೆ, ಮೆರಾಂಗಿನಲ್ಲಿ ಕಡಲೆ ಇರಬಹುದು ಎಂದು ಅವರು ಊಹಿಸಲಾರರು.